ಸಂಧಿಯ ಪಟ್ಟಿಯಲ್ಲಿ ಹೆಸರು ಕೊನೆಗಿರಲಿ

ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಗೆ ಸಿದ್ಧರಾಗುವ ಮಕ್ಕಳು ಹಳೆಯ ಪ್ರಶ್ನೆಪತ್ರಿಕೆಗಳಿಂದ ಪದಗಳನ್ನು ಆಯ್ದು ಸಂಧಿ, ಸಮಾಸಗಳ ಪಟ್ಟಿ ಮಾಡಿಕೊಳ್ಳುವುದು ವಾಡಿಕೆ. ಆ ಪಟ್ಟಿಗಳು ಬಹುಪಾಲು ಸಂಧಿಯ ಹೆಸರಿನಿಂದ ತೊಡಗಿ ಉದಾಹರಣೆಯಲ್ಲಿ ಮುಗಿಯುತ್ತವೆ. ಪರೀಕ್ಷೆಯಲ್ಲಿ ಎದುರಾಗುವುದಾದರೋ ಪದ, ಹುಡುಕಬೇಕಾದದ್ದು ಹೆಸರು. ಆದ್ದರಿಂದ ಪಟ್ಟಿಯೂ ಪದದಿಂದ ಹೊರಟು, ಬಿಡಿಸಿದ ರೂಪವನ್ನೂ ಬದಲಾವಣೆ ನಡೆದ ಸ್ಥಾನವನ್ನೂ ದಾಖಲಿಸಿ, ಹೆಸರನ್ನು ಕೊನೆಗಿಡಬೇಕೆಂಬುದು ನನ್ನ ಅಭಿಪ್ರಾಯ.

| ಪದ | ಬಿಡಿಸಿದ ರೂಪ | ಎಲ್ಲಿ, ಏನಾಯಿತು | ಸಂಧಿ |
|---|---|---|---|
| ಮಳೆಗಾಲ | ಮಳೆ + ಕಾಲ | ಉತ್ತರಪದದ ಮೊದಲಲ್ಲಿ ಕ→ಗ | ಆದೇಶ |
| ದಿಗಂತ | ದಿಕ್ + ಅಂತ | ಪೂರ್ವಪದದ ಕೊನೆಯಲ್ಲಿ ಕ್→ಗ್ | ಜಶ್ತ್ವ |
| ಗುರುವನ್ನು | ಗುರು + ಅನ್ನು | ಉ ಉಳಿದು ವ ಸೇರಿತು | ಆಗಮ |
| ಗುರ್ವಾಜ್ಞೆ | ಗುರು + ಆಜ್ಞೆ | ಉ ಹೋಗಿ ವ ಬಂದಿತು | ಯಣ್ |

ಮೊದಲೆರಡು ಸಾಲುಗಳಲ್ಲಿ ಕಕಾರವೇ ಗಕಾರವಾಗಿದೆ. ಅಕ್ಷರವನ್ನಷ್ಟೇ ನೋಡಿದರೆ ಎರಡೂ ಒಂದೇ ಎನಿಸುತ್ತದೆ. ಸ್ಥಾನ ನೋಡಿದರೆ ಗೊಂದಲವಿಲ್ಲ. ಸಂಸ್ಕೃತ ಪದವಿದ್ದರೆ ಸಂಸ್ಕೃತ ಸಂಧಿ ಎಂಬ ಸುಲಭಸೂತ್ರವನ್ನು ಹಲವರು ಕಲಿಸುತ್ತಾರೆ. ಆದರೆ ಮಳೆಗಾಲದ ‘ಕಾಲ’ವೂ ಸಂಸ್ಕೃತದ್ದೇ, ಗುರುವನ್ನು ಎಂಬಲ್ಲಿಯ ‘ಗುರು’ವೂ ಸಂಸ್ಕೃತದ್ದೇ. ಎರಡೂ ಕನ್ನಡ ಸಂಧಿಗಳು. ಹಿಂದಿ, ಮರಾಠಿಯ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಸಂಸ್ಕೃತ ಪದಗಳ ಪರಿಚಯವಿರುವುದರಿಂದಲೇ ಈ ಸೂತ್ರ ಅವರನ್ನು ಹೆಚ್ಚು ದಾರಿ ತಪ್ಪಿಸೀತು.

ಸ್ಥಾನದ ಪರೀಕ್ಷೆಗೂ ಮಿತಿಯುಂಟು. ‘ಊರೂರು’ ಎಂಬುದನ್ನು ಊರು + ಊರು ಎಂದು ಬಿಡಿಸಿದಾಗ ಉಕಾರದ ಮುಂದೆ ಊಕಾರ ಬಂದು ಊಕಾರವೇ ಉಳಿಯುತ್ತದೆ. ‘ಗುರೂಪದೇಶ’ದಂತೆ ಇದೂ ಸವರ್ಣದೀರ್ಘವೆಂದು ತೋರುತ್ತದೆ. ಎರಡೂ ಅಚ್ಚಗನ್ನಡ ಪದಗಳಾದ್ದರಿಂದ ಇದು ಲೋಪಸಂಧಿ. ಇಂಥಲ್ಲಿ ಪದಮೂಲವನ್ನು ಕೇಳಲೇಬೇಕು. ಪಟ್ಟಿಯ ಕೆಳಗೆ ಇಂಥ ಪದಗಳಿಗೆ ಪ್ರತ್ಯೇಕ ಜಾಗವಿರಲಿ.

ಸಮಾಸದ ಪಟ್ಟಿಯಲ್ಲಿ ಸ್ಥಾನದ ಅಂಕಣಕ್ಕೆ ಬದಲಾಗಿ ವಿಗ್ರಹವಾಕ್ಯವನ್ನು ಪೂರ್ತಿಯಾಗಿ ಬರೆಯಬೇಕು. ‘ಮುಕ್ಕಣ್ಣ’ ಎಂದೊಡನೆ ಮೂರು ಎಂಬ ಸಂಖ್ಯೆ ಕಂಡು ದ್ವಿಗು ಎನ್ನುವವರು ವಿಗ್ರಹವನ್ನು ಅರ್ಧಕ್ಕೇ ಬಿಟ್ಟವರು. ‘ಮೂರು ಕಣ್ಣುಗಳು ಉಳ್ಳವನು ಯಾವನೋ ಅವನು’ ಎಂದು ಮುಗಿಸಿದರೆ ಶಿವನೆಂಬ ಅನ್ಯಪದಾರ್ಥ ತಾನಾಗಿ ಹೊರಬರುತ್ತದೆ, ಅದು ಬಹುವ್ರೀಹಿ. ಸಪ್ತಸ್ವರವು ಸ್ವರಗಳೇ, ಆದ್ದರಿಂದ ದ್ವಿಗು, ಮುಕ್ಕಣ್ಣನು ಕಣ್ಣಲ್ಲ.

ಒಂದೇ ಪದ ಎರಡೂ ಪಟ್ಟಿಗಳಲ್ಲಿ ಬರಬಹುದೆಂಬುದನ್ನೂ ಮಕ್ಕಳು ತಿಳಿದಿರಬೇಕು. ‘ಮಳೆಗಾಲ’ದ ಸಂಧಿ ಕೇಳಿದರೆ ಆದೇಶ, ಸಮಾಸ ಕೇಳಿದರೆ ‘ಮಳೆಯ ಕಾಲ’, ಅಂದರೆ ತತ್ಪುರುಷ. ಮೊದಲನೆಯ ಪ್ರಶ್ನೆ ಅಕ್ಷರಗಳ ಕೂಡಿಕೆಯದು, ಎರಡನೆಯದು ಅರ್ಥದ ಕೂಡಿಕೆಯದು. ಹೆಸರಿನಿಂದ ಹೊರಟ ಪಟ್ಟಿಯಲ್ಲಿ ಈ ಭೇದ ಕಾಣುವುದೇ ಇಲ್ಲ.