ಮುಚ್ಚಿದ ಕಂಪನಿ, ಸಿಗದ ಅನುಭವ ಪತ್ರ

ಕಿಂಗ್‌ಫಿಷರ್ ವಿಮಾನಗಳು 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದವು. ಸಂಬಳದಲ್ಲಿ ಮುರಿದುಕೊಂಡ ತೆರಿಗೆಯನ್ನೂ ಕಂಪನಿ ಪೂರ್ತಿ ಕಟ್ಟಿರಲಿಲ್ಲ; ಹೀಗಾಗಿ ನೌಕರರಿಗೆ ತೆರಿಗೆ ದಾಖಲೆಯೂ ಕೈಕೊಟ್ಟಿತು.

ಯಾದಗಿರಿ, ಶಹಾಪುರ, ಸುರಪುರದಿಂದ ಬೆಂಗಳೂರಿಗೆ ಹೋಗಿ ದುಡಿಯುವವರಿಗೂ ಕಂಪನಿ ಮುಚ್ಚಿ ಅನುಭವ ಪತ್ರವೂ ಸಿಗದ ಇಂಥ ಫಜೀತಿ ಎದುರಾಗಬಹುದು. ಹೊಸ ಕಂಪನಿಯ ಎಚ್‌ಆರ್‌ಗೆ ದಾಖಲೆ ತಪಾಸಣೆಗೆ ಮುನ್ನವೇ ಬರೆಯುವುದು ಲೇಸು: “ಹಿಂದಿನ ಸಂಸ್ಥೆ ಮುಚ್ಚಿದೆ, ಅನುಭವ ಪತ್ರ ಸಿಕ್ಕಿಲ್ಲ. ನೇಮಕಾತಿ ಪತ್ರ, ಪಿಎಫ್ ಸೇವಾ ವಿವರ, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ.”

ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ಖಾಲಿಯಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ನೌಕರರೇ ಆನ್‌ಲೈನ್‌ನಲ್ಲಿ ತುಂಬಬಹುದು. ನಕಲಿ ಪತ್ರದ ಮಾತೇ ಬೇಡ. ಪಿಎಫ್ ತಿಂಗಳುಗಳ ಜತೆ ತಾಳೆ ನೋಡಿದರೆ ಬಣ್ಣ ಬಯಲು.

ಈಗ ಕೆಲಸದಲ್ಲಿರುವವರು ಸಂಬಳದ ಚೀಟಿಗಳನ್ನು ಕಂಪನಿಯ ಇಮೇಲ್‌ನಲ್ಲೇ ಬಿಡದೆ ಇಂದೇ ಇಳಿಸಿಟ್ಟುಕೊಳ್ಳಲಿ.