ಅರಿಶಿನ ಕುಂಕುಮದ ಸ್ಲೈಡು ಯಾಕೆ ಕಾಣಲಿಲ್ಲ?

ಕಳೆದ ನವೆಂಬರ್‌ನ ರಾಜ್ಯೋತ್ಸವಕ್ಕೆ ಸ್ಲೈಡು ಮಾಡಿದ್ದು ನಾನೇ, ಆದ್ದರಿಂದ ತಪ್ಪೂ ನನ್ನದೇ ಅಂತ ಮೊದಲೇ ಒಪ್ಪಿಕೊಂಡುಬಿಡ್ತೀನಿ. ನಾವು ಬಾಡಿಗೆಗೆ ಹಿಡಿದದ್ದು ಒಂದು ಕೋಮಿನ್‌ಕಾನ್‌ನ ಹಾಲು. ಮಧ್ಯಾಹ್ನದ ಹೊತ್ತು, ಒಂದು ಬದಿ ಪೂರ್ತಿ ಗಾಜಿನ ಕಿಟಕಿ, ತೆಳ್ಳನೆಯ ಪರದೆ. ಹಿಂದುಗಡೆ ಬಿಸಿಬೇಳೆಬಾತ್ ಬಡಿಸ್ತಾ ಇದ್ದದ್ದರಿಂದ ಲೈಟ್ ಆರಿಸೋ ಹಾಗೂ ಇರಲಿಲ್ಲ. ರಸಪ್ರಶ್ನೆ ಶುರುವಾಯ್ತು. ನಮ್ಮ ಬಾವುಟದ ಬಣ್ಣ ಅಂತ ಹಳದಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರ ಹಾಕಿದ್ದೆ. ಹಿಂದಿನ ಸಾಲಿನಿಂದ ಒಬ್ಬರು ಆಂಟಿ ಕೂಗಿದರು: "ಏನಪ್ಪಾ, ಪ್ರಶ್ನೆ ಎಲ್ಲಿದೆ? ನಮಗೆ ಬರೀ ಗೋಡೆಗೆ ಸುಣ್ಣ ಬಳಿದ ಹಾಗೆ ಕಾಣ್ತಿದೆ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡು ವಾರ ಬಿಟ್ಟು ನಮ್ಮ ಲ್ಯಾಬಿನ ಮಧ್ಯಂತರ ಪ್ರಸ್ತುತಿಯಲ್ಲಿ ಅದೇ ಆದಾಗ ಮಾತ್ರ ನಗು ಬರಲಿಲ್ಲ. ಎಲ್ಲರೂ ನೋಟ್ಸ್ ಬರೀತಾರೆ ಅಂತ ಅಲ್ಲೂ ಲೈಟ್ ಹಾಕಿಯೇ ಇತ್ತು. ನನ್ನ ಗ್ರಾಫಿನಲ್ಲಿ ಮುಖ್ಯವಾದ ಗೆರೆ ತಿಳಿನೀಲಿ ಬಣ್ಣದ್ದು. ಪ್ರೊಫೆಸರ್ ಏನೂ ಹೇಳಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ. ಆಮೇಲೆ ಸೆಂಪೈ ಒಬ್ಬರು ಮೆಲ್ಲಗೆ "ಆ ಗೆರೆ ನಮಗೆ ಯಾರಿಗೂ ಕಾಣಿಸಲೇ ಇಲ್ಲ" ಅಂದರು. ಆರು ತಿಂಗಳ ಕೆಲಸ ಆ ಗೆರೆಯಲ್ಲಿತ್ತು.

ಕಾರಣ ಹುಡುಕಿದಾಗ ಗೊತ್ತಾದದ್ದು ಬಹಳ ಸರಳ. ಪ್ರೊಜೆಕ್ಟರ್ ಬೆಳಕನ್ನು ಮಾತ್ರ ಚೆಲ್ಲಬಲ್ಲದು, ಕಪ್ಪನ್ನು ಚೆಲ್ಲಲಾರದು. ಸ್ಲೈಡಿನಲ್ಲಿ ನಾವು ಕಪ್ಪು ಅನ್ನುವ ಜಾಗ ಅಂದರೆ ಪ್ರೊಜೆಕ್ಟರ್ ಸುಮ್ಮನಿರುವ ಜಾಗ. ಅಲ್ಲಿ ಕಾಣೋದು ಕೋಣೆಯ ಬೆಳಕು ಬಿದ್ದ ತೆರೆಯ ಬಣ್ಣ.

ಆ ಹಾಲನ್ನೇ ಲೆಕ್ಕಕ್ಕೆ ತಗೊಳ್ಳೋಣ. ತೆರೆಯ ಮೇಲಿನ ಚಿತ್ರ ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರ, ಅಂದರೆ 3 ಚದರ ಮೀಟರ್. ಹಳೆಯ ದೀಪದ ಪ್ರೊಜೆಕ್ಟರ್ 1200 ಲ್ಯೂಮೆನ್ ಕೊಡುತ್ತೆ ಅಂತ ಇಟ್ಟುಕೊಂಡರೆ ಬಿಳಿ ಜಾಗಕ್ಕೆ 400 ಲಕ್ಸ್ ಬೆಳಕು ಬೀಳುತ್ತೆ. ಟ್ಯೂಬ್‌ಲೈಟು, ಕಿಟಕಿ ಸೇರಿ ತೆರೆಗೆ ಇನ್ನೊಂದು 300 ಲಕ್ಸ್ ಅನ್ನೋಣ. ಈಗ ಬಿಳಿ ಅಂದರೆ 700, ಕಪ್ಪು ಅಂದರೆ 300. ಅನುಪಾತ 2.3ಕ್ಕೆ 1. ಆ ಕೋಣೆಯಲ್ಲಿ ಯಾವ ಬಣ್ಣ ಆರಿಸಿದರೂ ಇದಕ್ಕಿಂತ ಹೆಚ್ಚು ಸಿಗೋದಿಲ್ಲ. ಉಳಿದ ಎಲ್ಲ ಬಣ್ಣಗಳೂ ಈ 2.3ರ ಒಳಗೇ ಹಂಚಿಕೊಳ್ಳಬೇಕು.

ವೆಬ್‌ಸೈಟ್ ಮಾಡುವವರು ಬಳಸುವ ಕಾಂಟ್ರಾಸ್ಟ್ ಪರೀಕ್ಷೆ ಇಲ್ಲಿ ಯಾಕೆ ಕೈಕೊಡುತ್ತೆ ಅನ್ನೋದೂ ಇದರಿಂದಲೇ ಗೊತ್ತಾಗುತ್ತೆ. ಅದರ ಸೂತ್ರದಲ್ಲಿ ಹೊರಗಿನ ಬೆಳಕಿಗೆ ಅಂತ 0.05 ಸೇರಿಸಿರುತ್ತಾರೆ, ಅಂದರೆ ಪರದೆಯ ಬಿಳಿಯ ಶೇಕಡ 5 ಮಾತ್ರ. ನಮ್ಮ ಹಾಲಿನಲ್ಲಿ ಹೊರಗಿನ ಬೆಳಕು 400ಕ್ಕೆ 300, ಶೇಕಡ 75. ಆದ್ದರಿಂದ ನಮ್ಮ ಸೂತ್ರ ಹೀಗಿರಬೇಕು:

```
(L1 + 0.75) / (L2 + 0.75)
```

ಇಲ್ಲಿ L1 ತಿಳಿ ಬಣ್ಣದ ಬೆಳಕು, L2 ಗಾಢ ಬಣ್ಣದ್ದು. ಕಪ್ಪಿಗೆ 0, ಬಿಳಿಗೆ 1. ಅಚ್ಚ ಹಳದಿ `#FFFF00`ಗೆ ಸುಮಾರು 0.93, ಅಚ್ಚ ಕೆಂಪು `#FF0000`ಗೆ 0.21. ವೆಬ್ ಸೂತ್ರದಲ್ಲಿ ಈ ಜೋಡಿಗೆ 3.7 ಬರುತ್ತೆ. ದೊಡ್ಡ ಅಕ್ಷರಕ್ಕೆ 3 ಸಾಕು, ಹಾಗಾಗಿ ಪಾಸು. ನಮ್ಮ ಹಾಲಿನ ಸೂತ್ರದಲ್ಲಿ ಅದೇ ಜೋಡಿಗೆ 1.7 ಮಾತ್ರ. ಕೆಂಪನ್ನು `#800000`ಕ್ಕೆ, ಅಂದರೆ ಕಡು ಕುಂಕುಮದ ಬಣ್ಣಕ್ಕೆ ಇಳಿಸಿದರೆ 2.1 ಆಗುತ್ತೆ. ಹಳದಿಯ ಮೇಲೆ ಅಚ್ಚ ಕಪ್ಪಿಗೇ 2.2 ಸಿಗೋದು, ಹಾಗಾಗಿ ಇದು ಹೆಚ್ಚುಕಡಿಮೆ ಕಪ್ಪಿನಷ್ಟೇ ಚೆನ್ನಾಗಿ ಕಾಣುತ್ತೆ. ಬಾವುಟದ ಬಣ್ಣ ಬಿಡಬೇಕಾಗಿಲ್ಲ, ಕುಂಕುಮವನ್ನು ಸ್ವಲ್ಪ ಗಾಢ ಮಾಡಿದರೆ ಸಾಕಿತ್ತು.

ಗ್ರಾಫಿನ ಕಥೆ ಇನ್ನೂ ಪಾಠ ಕಲಿಸುವಂಥದ್ದು. ನಾನು ಬಳಸಿದ್ದು ಇಲ್ಲಿಯ ಇಬ್ಬರು ವಿಜ್ಞಾನಿಗಳು, ಮಾಸಾತಾಕಾ ಒಕಾಬೆ ಮತ್ತು ಕೇ ಇತೊ, ರೂಪಿಸಿದ ಪ್ರಸಿದ್ಧ ಎಂಟು ಬಣ್ಣಗಳ ಗುಂಪು. ಕೆಂಪು-ಹಸಿರು ವ್ಯತ್ಯಾಸ ಸರಿಯಾಗಿ ಕಾಣದವರಿಗೂ ಬಣ್ಣಗಳು ಬೇರೆ ಬೇರೆಯಾಗಿ ಕಾಣಲಿ ಅಂತ ಮಾಡಿದ್ದು; ಇಬ್ಬರಿಗೂ ಸ್ವತಃ ಆ ತೊಂದರೆ ಇದೆ. ಜಪಾನಿನಲ್ಲಿ ಸುಮಾರು 20 ಗಂಡಸರಲ್ಲಿ ಒಬ್ಬರಿಗೆ ಹೀಗಿರುತ್ತೆ, ಅಂದರೆ ಯಾವ ಲ್ಯಾಬಿನಲ್ಲೂ ಒಬ್ಬರಿರಬಹುದು. ಆದರೆ ಆ ಗುಂಪು ಬಣ್ಣಗಳನ್ನು ಒಂದರಿಂದೊಂದು ಬೇರ್ಪಡಿಸುತ್ತೆ ಅಷ್ಟೇ, ಬಿಳಿ ತೆರೆಯಿಂದ ಬೇರ್ಪಡಿಸುತ್ತೆ ಅಂತ ಅಲ್ಲ. ಅದರ ತಿಳಿನೀಲಿ `#56B4E9`ಗೆ ಬಿಳಿಯ ಮೇಲೆ ನಮ್ಮ ಸೂತ್ರದಲ್ಲಿ 1.5, ಹಳದಿ `#F0E442`ಗೆ ಬರೀ 1.2. ಅದೇ ಗುಂಪಿನ ಕಡುನೀಲಿ `#0072B2`ಗೆ 1.9. ಎಂಟರಲ್ಲಿ ಕಪ್ಪು, ಕಡುನೀಲಿ, ಕೇಸರಿಗೆಂಪು ಈ ಮೂರನ್ನು ಗೆರೆಗಳಿಗೆ ಇಟ್ಟುಕೊಂಡು, ಗೆರೆ ದಪ್ಪ ಮಾಡಿ, ಹೆಸರನ್ನು ಗೆರೆಯ ಪಕ್ಕದಲ್ಲೇ ಕಪ್ಪಿನಲ್ಲಿ ಬರೆದರೆ ನನ್ನ ಗ್ರಾಫು ಬದುಕ್ತಿತ್ತು.

"ಹಾಗಾದರೆ ಕಪ್ಪು ಹಿನ್ನೆಲೆ ಹಾಕು" ಅಂತ ನನ್ನ ರೂಮ್‌ಮೇಟ್ ಅಂದ. ಬಿಳಿ ಅಕ್ಷರಕ್ಕೆ ಲೆಕ್ಕ ಒಂದೇ, 2.3. ಆದರೆ ಅನೇಕ ಅಗ್ಗದ ಡಿಎಲ್‌ಪಿ ಪ್ರೊಜೆಕ್ಟರ್‌ಗಳ ತಿರುಗುವ ಬಣ್ಣದ ಚಕ್ರದಲ್ಲಿ ಬಿಳಿಗೆ ಅಂತಲೇ ಒಂದು ಭಾಗ ಇರುತ್ತೆ. ಬಿಳಿ ಜೋರಾಗಿ ಬರುತ್ತೆ, ಬಣ್ಣಗಳು ಅದರ ಮುಂದೆ ಮಂಕು. ಹಳದಿ ಸಾಸಿವೆ ಬಣ್ಣಕ್ಕೆ ತಿರುಗುತ್ತೆ. ಕಪ್ಪಿನ ಮೇಲೆ ಬಣ್ಣದ ಅಕ್ಷರ ಬರೆದವರಿಗೆ ಇದು ನೇರ ನಷ್ಟ. ಬಿಳಿಯ ಮೇಲೆ ಗಾಢ ಅಕ್ಷರ ಬರೆದವರಿಗೆ ಲಾಭವೇ. ಅದಕ್ಕೇ ನನ್ನ ಮತ ಬಿಳಿ ಹಿನ್ನೆಲೆಗೆ.

ಕನ್ನಡಕ್ಕೆ ಇನ್ನೊಂದು ಕಷ್ಟ ಇದೆ. ಕಾಂಟ್ರಾಸ್ಟ್ ಇಳಿದಾಗ ಕಣ್ಣು ಮೊದಲು ಕಳೆದುಕೊಳ್ಳೋದು ಸಣ್ಣ ವಿವರಗಳನ್ನು. ಪ ಮತ್ತು ಷ, ದ ಮತ್ತು ಧ, ಇವುಗಳ ನಡುವೆ ಇರೋದು ಒಂದು ಪುಟ್ಟ ಗೀಟು. ಒತ್ತಕ್ಷರಗಳಂತೂ ಮೂಲ ಅಕ್ಷರಕ್ಕಿಂತ ಚಿಕ್ಕವು. ಇಂಗ್ಲಿಷ್ ಓದಲು ಬಂದ ಗಾತ್ರದಲ್ಲೇ ಕನ್ನಡ ಕಲಸಿಹೋಗುತ್ತೆ. ಆದ್ದರಿಂದ ಕನ್ನಡಕ್ಕೆ ತೆಳು ಫಾಂಟ್ ಬೇಡ, ಗಾತ್ರ ಇಂಗ್ಲಿಷಿಗಿಂತ ಒಂದು ಮೆಟ್ಟಿಲು ಹೆಚ್ಚಿರಲಿ.

ಪರೀಕ್ಷಿಸೋದು ಸುಲಭ. ಬಿಳಿ ಹಿನ್ನೆಲೆಯ ಸ್ಲೈಡಿನ ಮೇಲೆ ಪೂರ್ತಿ ಮುಚ್ಚುವ ಹಾಗೆ ಒಂದು ಬಿಳಿ ಚೌಕ ಇಟ್ಟು, ಅದರ ಪಾರದರ್ಶಕತೆಯನ್ನು ಶೇಕಡ 30ಕ್ಕೆ ಇಡಿ. ಕಪ್ಪು ಬೂದಿಯಾಗುತ್ತೆ, ಹೆಚ್ಚುಕಡಿಮೆ ಆ ಹಾಲಿನ ಹಾಗೆಯೇ. ಮಧ್ಯದ ಬಣ್ಣಗಳ ಮಟ್ಟಿಗೆ ಇದು ನಿಜಕ್ಕಿಂತ ಸ್ವಲ್ಪ ಕಟ್ಟುನಿಟ್ಟು, ಆದರೆ ಇಲ್ಲಿ ಓದಲು ಬಂದದ್ದು ಅಲ್ಲೂ ಬರುತ್ತೆ. ಕಿಟಕಿಯ ಬಿಸಿಲು ನೇರವಾಗಿ ತೆರೆಗೇ ಬಿದ್ದರೆ ಮಾತ್ರ ಯಾವ ಬಣ್ಣವೂ ಉಳಿಸೋದಿಲ್ಲ. ಆಗ ತೆರೆಯನ್ನೇ ಬೇರೆ ಗೋಡೆಗೆ ತಿರುಗಿಸಬೇಕು. ನೇರ ಬಿಸಿಲಿಲ್ಲದ ಕಡೆ ಚಿತ್ರವನ್ನು ಚಿಕ್ಕದು ಮಾಡಿದರೂ ಸಹಾಯವಾಗುತ್ತೆ. ಅಗಲ, ಎತ್ತರ ಎರಡನ್ನೂ ಮುಕ್ಕಾಲಿಗೆ ಇಳಿಸಿದರೆ 400 ಲಕ್ಸ್ ಸುಮಾರು 700 ಆಗುತ್ತೆ.

ಇಷ್ಟೆಲ್ಲ ಬರೆದದ್ದು ಒಂದು ಬೇಡಿಕೆಗೆ. ನಮ್ಮ ಸಂಘದ ಹಳದಿ-ಕೆಂಪು ಟೆಂಪ್ಲೇಟನ್ನು ಈ ವರ್ಷ ಬದಲಿಸೋಣ. ಅರಿಶಿನ ಕುಂಕುಮ ಮೇಲಿನ ಪಟ್ಟಿಯಲ್ಲಿ ಮೆರೆಯಲಿ. ಪ್ರಶ್ನೆ ಬಿಳಿಯ ಮೇಲೆ ಕಪ್ಪಿನಲ್ಲಿರಲಿ, ಉತ್ತರ ಕಡು ಕುಂಕುಮದಲ್ಲಿರಲಿ. ಹೊಸದನ್ನು ನಾನೇ ಮಾಡಿಕೊಡ್ತೀನಿ. ಒಪ್ಪಿಗೆ ಕೊಡಬೇಕಾದವರು ಹಿಂದಿನ ಸಾಲಿನ ಆಂಟಿ.