ಅಡಿಟಿಪ್ಪಣಿಗೆ ಬಗೆದ ದ್ರೋಹ

ಈಚೆಗೆ ಸಂಶೋಧನ ಪ್ರಬಂಧವೊಂದರ ಕರಡನ್ನು ಓದುತ್ತಿದ್ದೆ. ವಡ್ಡಾರಾಧನೆಯ ಗದ್ಯವನ್ನು ಕುರಿತ ಒಂದು ಮಾತಿಗೆ ವಿದ್ಯಾರ್ಥಿನಿಯೊಬ್ಬರು ಜಾಲತಾಣದ ಲೇಖನವೊಂದನ್ನು ಆಧಾರವಾಗಿ ಕೊಟ್ಟಿದ್ದರು. ಅಡಿಟಿಪ್ಪಣಿಯ ವಿಳಾಸವನ್ನು ತೆರೆದರೆ ಕಂಡದ್ದು ಪುಸ್ತಕ ಬಿಡುಗಡೆಯ ಆಹ್ವಾನ. ಆಧಾರ ತಪ್ಪಾಗಿದೆಯೆಂದು ಅಂಚಿನಲ್ಲಿ ಗುರುತು ಹಾಕಿದೆ. ಅವರು ಮರುದಿನ, ಎರಡು ವರ್ಷಗಳ ಹಿಂದೆ ತೆಗೆದಿಟ್ಟಿದ್ದ ಮುದ್ರಿತ ಪ್ರತಿಯನ್ನು ತಂದು ತೋರಿಸಿದರು. ಲೇಖನ ಅದೇ, ಪುಟದ ಕೆಳಗಿದ್ದ ವಿಳಾಸವೂ ಅದೇ. ತಪ್ಪು ಅವರದಲ್ಲ, ತಾಣದವರು ನಡುವೆ ತಮ್ಮ ಹಳೆಯ ವಿಳಾಸಗಳನ್ನು 'ಸುಧಾರಿಸಿ'ದ್ದರು.

ವಿಳಾಸದಲ್ಲಿ ತಾಣದ ಹೆಸರಿನ ನಂತರ ಬಂದು ಒಂದು ಲೇಖನವನ್ನು ಗುರುತಿಸುವ ತುಂಡಿಗೆ ಸ್ಲಗ್ ಎಂದು ಹೆಸರು. ಆ ಲೇಖನದ ಸ್ಲಗ್ `vaddaradhane` ಎಂದಿತ್ತು. ಹುಡುಕುಯಂತ್ರಗಳಿಗೆ ಪ್ರಿಯವಾಗಲೆಂದು ಅದನ್ನು `vaddaradhane-kannadada-gadyakruti-sampurna-mahiti` ಎಂದು ಹಿಗ್ಗಿಸಿದರು. ತಾಣ ನಡೆಯುತ್ತಿದ್ದದ್ದು ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ. ಪ್ರಕಟವಾದ ಲೇಖನದ ಸ್ಲಗ್ಗನ್ನು ಬದಲಿಸಿದರೆ ಅದು ಹಳೆಯದನ್ನು ನೆನಪಿಟ್ಟುಕೊಂಡು, ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುತ್ತದೆ. ಆದ್ದರಿಂದ ಕೆಲವು ಕಾಲ ಯಾರಿಗೂ ಏನೂ ತಿಳಿಯಲಿಲ್ಲ. ಆದರೆ ಈ ನೆನಪು ಕೆಲಸಮಾಡುವುದು ಆ ವಿಳಾಸದಲ್ಲಿ ಬೇರೇನೂ ಇಲ್ಲದಿರುವಾಗ ಮಾತ್ರ. ತೆರವಾದ `vaddaradhane` ಎಂಬ ಸ್ಲಗ್ಗನ್ನು ಮುಂದೆ ಯಾರೋ ಆಹ್ವಾನಪತ್ರಿಕೆಗೆ ಕೊಟ್ಟರು; ತಂತ್ರಾಂಶ ತಡೆಯಲಿಲ್ಲ, ಎಚ್ಚರಿಸಲೂ ಇಲ್ಲ. ಅಂದಿನಿಂದ ಹಳೆಯ ಅಡಿಟಿಪ್ಪಣಿಗಳೆಲ್ಲ ಆಹ್ವಾನಪತ್ರಿಕೆಯನ್ನೇ ತೋರತೊಡಗಿದವು.

ವಿಳಾಸ ಸತ್ತು '404' ಎಂಬ ಸೂಚನೆ ಬಂದರೆ ಓದುಗನಿಗೆ ನಷ್ಟ. ಆದರೂ ಅದು ಪ್ರಾಮಾಣಿಕವಾದ ನಷ್ಟ. ಏನೋ ಕಳೆದುಹೋಗಿದೆಯೆಂದು ಅವನಿಗೆ ಗೊತ್ತಾಗುತ್ತದೆ, ಬೇರೆಡೆ ಹುಡುಕುತ್ತಾನೆ. ಹಳೆಯ ವಿಳಾಸದಲ್ಲಿ ಬೇರೊಂದು ಬರಹ ಕುಳಿತಿದ್ದರೆ ಸಂಶಯ ಹೋಗುವುದು ಉಲ್ಲೇಖಿಸಿದವರ ಮೇಲೆ. ನಾನೇ ಆ ಅನ್ಯಾಯವನ್ನು ಮಾಡಿದೆ.

ಇಂಥ ಬದಲಾವಣೆಯನ್ನು ಸಮರ್ಥಿಸುವವರು ಎರಡು ಮಾತು ಹೇಳುತ್ತಾರೆ. ಮೊದಲನೆಯದು: ಓದುಗರು ಹುಡುಕಿಕೊಂಡು ಬರುತ್ತಾರೆ, ವಿಳಾಸವನ್ನು ಯಾರು ನೋಡುತ್ತಾರೆ? ಸಾಮಾನ್ಯ ಓದುಗರ ಮಟ್ಟಿಗೆ ಇದು ನಿಜವಿರಬಹುದು. ಆದರೆ ಅಚ್ಚಾದ ಪ್ರಬಂಧದ ಪುಟವನ್ನು ಒತ್ತಿ ಲೇಖನ ತೆರೆಯಲಾಗುವುದಿಲ್ಲ. ಅಲ್ಲಿರುವ ಅಕ್ಷರಗಳನ್ನು ಒಂದೊಂದಾಗಿ ಟೈಪಿಸಬೇಕು. ಅಚ್ಚಾದದ್ದನ್ನು ತಾಣದವರು ತಿದ್ದಲಾರರು. ಎಷ್ಟು ಕಡೆ ಉಲ್ಲೇಖಗೊಂಡಿದೆಯೆಂಬ ಲೆಕ್ಕವೂ ಅವರ ಬಳಿ ಇರುವುದಿಲ್ಲ.

ಎರಡನೆಯದು: ನಾವು ಮರುನಿರ್ದೇಶನ ಹಾಕಿದ್ದೇವೆ. ಹಾಕಿದ ರೀತಿ ಯಾವುದೆಂಬುದೇ ಪ್ರಶ್ನೆ. ಅನೇಕರು ಸತ್ತ ವಿಳಾಸಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಿ ಕೈತೊಳೆದುಕೊಳ್ಳುತ್ತಾರೆ. ಗ್ರಂಥದ ಪುಟಸಂಖ್ಯೆ ಕೇಳಿದವನನ್ನು ಗ್ರಂಥಾಲಯದ ಬಾಗಿಲಲ್ಲಿ ನಿಲ್ಲಿಸಿದಂತೆ ಇದು. ಸರಿಯಾದ ಕ್ರಮವೆಂದರೆ ಪ್ರತಿಯೊಂದು ಹಳೆಯ ವಿಳಾಸಕ್ಕೂ ಅದರದೇ ಹೊಸ ವಿಳಾಸವನ್ನು ಜೋಡಿಸಿ, ಶಾಶ್ವತ ಬದಲಾವಣೆಯನ್ನು ಸೂಚಿಸುವ 301 ಎಂಬ ಸಂಖ್ಯೆಯೊಡನೆ ಕಳಿಸುವುದು. ಅಪಾಚೆ ಸರ್ವರಿನಲ್ಲಿ ಅದಕ್ಕೆ ಒಂದು ಸಾಲು ಸಾಕು:

```
Redirect 301 /vaddaradhane/ /vaddaradhane-kannadada-gadyakruti-sampurna-mahiti/
```

ಈ ಸಾಲು ತಾಣ ಇರುವವರೆಗೂ ಉಳಿಯಬೇಕು. ಹಳೆಯ ಸ್ಲಗ್ಗನ್ನು ಮತ್ತಾವ ಬರಹಕ್ಕೂ ಕೊಡಕೂಡದು. ತಂತ್ರಾಂಶದ ನೆನಪನ್ನಷ್ಟೇ ನಂಬಿದವರು, ತಾಣವನ್ನು ಬೇರೆ ತಂತ್ರಾಂಶಕ್ಕೆ ಸಾಗಿಸಿದ ದಿನ ಅದನ್ನು ಹಿಂದೆಯೇ ಬಿಟ್ಟು ಬರುತ್ತಾರೆ. ಲೇಖನಗಳು ಹೊಸ ಮನೆಗೆ ಬರುತ್ತವೆ, ಹಳೆಯ ಹೆಸರುಗಳು ಬರುವುದಿಲ್ಲ.

ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಮಾದರಿಯಿದೆ. ಬಿ.ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದೇ ಸಂಪುಟವನ್ನು ಪರಿಷ್ಕರಿಸಿದಾಗ ಶಾಸನಗಳು 500ಕ್ಕೆ ಏರಿದ್ದವು, ಸಂಖ್ಯೆಗಳು ಬದಲಾಗಲೇಬೇಕಾಯಿತು. ಮಲ್ಲಿಷೇಣ ಪ್ರಶಸ್ತಿಯ ಶಾಸನ ಮೊದಲು 54 ಆಗಿದ್ದದ್ದು 67 ಆಯಿತು. ಆದರೆ ಎರಡು ಸಂಖ್ಯೆಗಳನ್ನೂ ಜೊತೆಯಾಗಿ ಕೊಡುವ ಪದ್ಧತಿ ಬೆಳೆದು ಬಂದುದರಿಂದ, 1889ರ ಸಂಖ್ಯೆಯನ್ನು ಹಿಡಿದು ಬರುವವನು ಇಂದಿಗೂ ಅದೇ ಕಲ್ಲಿನೆದುರು ನಿಲ್ಲಬಲ್ಲ. ಅಲ್ಲಿ ಬದಲಾವಣೆಗೆ ಕಾರಣವಿತ್ತು, ಹಳೆಯದಕ್ಕೆ ದಾರಿಯೂ ಉಳಿಯಿತು. ನಮ್ಮ ಜಾಲತಾಣಗಳಲ್ಲಿ ಎರಡೂ ಇಲ್ಲ.

ಬದಲಿಸುವ ಆಸೆ ಹುಟ್ಟುವುದು ಮೊದಲ ಆಯ್ಕೆ ಅವಸರದ್ದಾದಾಗ. ಶೀರ್ಷಿಕೆಯೇ ತಾನಾಗಿ ಸ್ಲಗ್ ಆಗಲೆಂದು ಬಿಡುವುದು ಕನ್ನಡದಲ್ಲಿ ವಿಶೇಷವಾಗಿ ಅಪಾಯಕರ. ಬ್ರೌಸರಿನ ಪಟ್ಟಿಯಲ್ಲಿ ಕನ್ನಡ ಲಿಪಿಯ ವಿಳಾಸ ಅಂದವಾಗಿ ಕಾಣುತ್ತದೆ, ನಿಜ. ಆದರೆ ಅದು ರವಾನೆಯಾಗುವಾಗ, ಹಲವು ಸಲ ನಕಲು ಮಾಡಿ ಅಂಟಿಸಿದಾಗಲೂ, ಪ್ರತಿಯೊಂದು ಅಕ್ಷರಚಿಹ್ನೆ ಒಂಬತ್ತು ರೋಮನ್ ಚಿಹ್ನೆಗಳಾಗಿ ಒಡೆಯುತ್ತದೆ. 'ಪಂಪ' ಎಂಬ ಪುಟ್ಟ ಹೆಸರು ಹೀಗಾಗುತ್ತದೆ:

```
%E0%B2%AA%E0%B2%82%E0%B2%AA
```

ಇದನ್ನು ಅಡಿಟಿಪ್ಪಣಿಯಿಂದ ನೋಡಿ ಟೈಪಿಸುವವರಾರು? ವರ್ಡ್‌ಪ್ರೆಸ್ ಸ್ಲಗ್ಗಿಗೆ 200 ಚಿಹ್ನೆಗಳಷ್ಟೇ ಜಾಗ ಕೊಡುತ್ತದೆ, ಅದೂ ಈ ಒಡೆದ ರೂಪದ ಲೆಕ್ಕದಲ್ಲಿ. ಸ್ವರಚಿಹ್ನೆ, ವಿರಾಮಚಿಹ್ನೆಗಳನ್ನೂ ಎಣಿಸಿದರೆ ಕನ್ನಡಕ್ಕೆ ಸಿಗುವುದು 22 ಚಿಹ್ನೆಗಳು ಮಾತ್ರ. 'ವಡ್ಡಾರಾಧನೆಯ ಕರ್ತೃವಿನ ಬಗೆಗಿನ ಚರ್ಚೆ' ಎಂಬ ಶೀರ್ಷಿಕೆಯಲ್ಲಿ ಮೊದಲ ಪದಕ್ಕೆ 99, ಎರಡನೆಯದಕ್ಕೆ 72, ನಡುವಿನ ಗೆರೆಗಳಿಗೆ 2. ಉಳಿದ 27ರಲ್ಲಿ 'ಬಗೆ' ಎಂಬಷ್ಟೇ ಹಿಡಿಸಿ, 'ಗಿನ ಚರ್ಚೆ' ಕತ್ತರಿಸಿಹೋಗುತ್ತದೆ. ಇದೇ ಮೊದಲ ಮಾತುಗಳಿಂದ ಆರಂಭವಾಗುವ ಎರಡನೆಯ ಲೇಖನ ಬಂದರೆ ಅದರ ಬಾಲಕ್ಕೆ `-2` ಅಂಟಿಕೊಳ್ಳುತ್ತದೆ. ಕನ್ನಡಾಭಿಮಾನಕ್ಕೆ ಶೀರ್ಷಿಕೆಯಿದೆ, ಇಡೀ ಲೇಖನವಿದೆ. ಸ್ಲಗ್ ಬರೆದುಕೊಳ್ಳುವವರ ಅನುಕೂಲಕ್ಕಿರಲಿ. ಸಣ್ಣ ರೋಮನ್ ಅಕ್ಷರಗಳಲ್ಲಿ, ಉಚ್ಚಾರಣಾ ಚಿಹ್ನೆಗಳಿಲ್ಲದೆ, ಎರಡು ಮೂರು ಪದಗಳು ಸಾಕು: `vaddaradhane-kartru`.

ಈ ಸ್ಲಗ್ಗಿನಲ್ಲಿ ಲೇಖಕನ ತೀರ್ಮಾನ ಇಲ್ಲವೆಂಬುದನ್ನು ಗಮನಿಸಬೇಕು. ವಡ್ಡಾರಾಧನೆ ಶಿವಕೋಟ್ಯಾಚಾರ್ಯನದೆಂದು ನಂಬಿದ್ದ ಕಾಲದಲ್ಲಿ ಒಬ್ಬರು `shivakoti-vaddaradhane` ಎಂದು ಕೊಟ್ಟರೆನ್ನೋಣ. ಮುಂದೆ ಭ್ರಾಜಿಷ್ಣುವಿನ ಪರವಾದ ವಾದ ಅವರಿಗೆ ಒಪ್ಪಿಗೆಯಾದರೆ ಆ ವಿಳಾಸ ಮುಳ್ಳಿನಂತೆ ಚುಚ್ಚುತ್ತದೆ, ಕಿತ್ತೊಗೆಯಬೇಕೆನಿಸುತ್ತದೆ. ಆದ್ದರಿಂದ ಸ್ಲಗ್ ಯಾವುದನ್ನು ಚರ್ಚಿಸಿದೆಯೆಂದು ಹೇಳಲಿ, ಏನನ್ನು ಸಾಧಿಸಿದೆಯೆಂದು ಹೇಳದಿರಲಿ.

ಹಾಗೆ ಕೊಟ್ಟುಬಿಟ್ಟಿದ್ದರೆ? ಇರಲಿ ಬಿಡಿ. ಅಭಿಪ್ರಾಯ ಬದಲಾದುದನ್ನು ಲೇಖನದ ಆರಂಭದಲ್ಲಿ ದಿನಾಂಕಸಹಿತ ಬರೆಯಿರಿ. ಶೀರ್ಷಿಕೆಯನ್ನೂ ಬೇಕಾದರೆ ತಿದ್ದಿರಿ. ವಿಳಾಸವನ್ನು ಮಾತ್ರ ಮುಟ್ಟಬೇಡಿ. ಪ್ರಕಟಿಸುವ ಗುಂಡಿ ಒತ್ತುವವರೆಗೆ ಅದು ನಿಮ್ಮದು. ಆಮೇಲೆ ಅದು ನಿಮ್ಮನ್ನು ನಂಬಿ ಬರೆದುಕೊಂಡವರದು.